ಪರಿಚಯವಿಲ್ಲದವರಿಗೆ ಮೊದಲ ಮೇಲ್: ಆ ಎರಡು ಸಾಲು ಹೇಗೆ ಶುರು ಮಾಡಬೇಕು?

ನಾನು ಮೈಸೂರಿನಲ್ಲಿ ಕೂತು ಸಣ್ಣ ವ್ಯಾಪಾರಿಗಳ ಆನ್‌ಲೈನ್ ಅಂಗಡಿಗಳನ್ನು ಸರಿಮಾಡಿಕೊಡುವ ಕೆಲಸ ಮಾಡುತ್ತೇನೆ. ಕಾಫಿ ಪುಡಿ, ಜೇನು, ಮಸಾಲೆ ಪುಡಿ, ಕೈಮಗ್ಗದ ಬಟ್ಟೆ, ಇಂಥವು. ನನಗೆ ಬರುವ ಕೆಲಸದಲ್ಲಿ ಸುಮಾರು ಭಾಗ ಪರಿಚಯವೇ ಇಲ್ಲದವರಿಗೆ ನಾನಾಗಿಯೇ ಬರೆದ ಮೇಲ್‌ಗಳಿಂದ ಬಂದದ್ದು. ಶುರುವಿನ ದಿನಗಳಲ್ಲಿ ಉತ್ತರವೇ ಬರುತ್ತಿರಲಿಲ್ಲ. ಮೇಲ್‌ನ ಕೊನೆಯಲ್ಲಿ ದರ ಸರಿ ಇಲ್ಲವೇನೋ, ಹಳೆಯ ಕೆಲಸದ ಪಟ್ಟಿ ಚಿಕ್ಕದಾಯಿತೇನೋ ಅಂತ ಅಲ್ಲೇ ತಿದ್ದುತ್ತಾ ಕೂತಿದ್ದೆ. ಆದರೆ ಅಲ್ಲಿವರೆಗೆ ಓದಿದವರೇ ಇರಲಿಲ್ಲ. ಜನ ಮೊದಲ ಎರಡು ಸಾಲಿನಲ್ಲೇ ಬಿಟ್ಟುಬಿಡುತ್ತಿದ್ದರು.

ಫೋನಿನಲ್ಲಿ ನಿಮ್ಮದೇ ಇನ್‌ಬಾಕ್ಸ್ ತೆರೆದು ನೋಡಿ. ಕಳಿಸಿದವರ ಹೆಸರು, ವಿಷಯದ ಸಾಲು, ಅದರ ಕೆಳಗೆ ಮೇಲ್‌ನ ಮೊದಲ ಏಳೆಂಟು ಪದ, ಅಷ್ಟೇ ಕಾಣುವುದು. ತೋಟದ ಕೆಲಸದ ಮಧ್ಯೆಯೋ ಅಂಗಡಿಯ ಗಲ್ಲಾದ ಹಿಂದೆಯೋ ಇರುವ ಮಾಲೀಕರು ಅಷ್ಟನ್ನೇ ನೋಡಿ ತೆರೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾರೆ. "ನಮಸ್ಕಾರ ಸರ್, ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ" ಅಂತ ಬರೆದರೆ ಆ ಜಾಗ ಪೂರ್ತಿ ಅದಕ್ಕೇ ಖರ್ಚಾಯಿತು. ಗೌರವಕ್ಕೆ "ನಮಸ್ಕಾರ ಸರ್" ಅಥವಾ "ನಮಸ್ಕಾರ ಮೇಡಂ" ಸಾಕು, ಮುಂದಿನ ಪದದಿಂದಲೇ ವಿಷಯ ಬರಲಿ.

ಹಾಗಾದರೆ ಏನಿಂದ ಶುರು ಮಾಡಬೇಕು? ನಾನು ಬರೆದಿರುವ, ನನಗೂ ಬಂದಿರುವ ಮೇಲ್‌ಗಳನ್ನೆಲ್ಲ ನೋಡಿದರೆ ಐದು ಬಗೆ ಕಾಣುತ್ತವೆ. ನಮ್ಮ ಪರಿಚಯ ಹೇಳಿಕೊಳ್ಳುವುದು, ಅವರನ್ನು ಹೊಗಳುವುದು, ನಮ್ಮ ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳುವುದು, ಅವರಲ್ಲಿ ಈಚೆಗೆ ಆದ ಒಂದು ಬದಲಾವಣೆಯಿಂದ ಶುರು ಮಾಡುವುದು, ಇಬ್ಬರಿಗೂ ಗೊತ್ತಿರುವವರ ಹೆಸರು ಹೇಳುವುದು. ಮೊದಲ ಎರಡನ್ನು ಬೇಗ ಮುಗಿಸಿಬಿಡುತ್ತೇನೆ.

ಪರಿಚಯ ಮತ್ತು ಹೊಗಳಿಕೆ

"ನಾನು ಮೈಸೂರಿನ ವೆಬ್ ಡೆವಲಪರ್, ನನಗೆ ಇಷ್ಟು ವರ್ಷದ ಅನುಭವ ಇದೆ" ಎಂಬ ಶುರು ಒಂದೇ ಒಂದು ಕಡೆ ನಡೆಯುತ್ತದೆ. ಅವರೇ "ಡೆವಲಪರ್ ಬೇಕಾಗಿದ್ದಾರೆ" ಅಂತ ಹಾಕಿದ್ದರೆ. ಆಗ ಅವರು ಹುಡುಕುತ್ತಿರುವುದೇ ಆ ಮಾತನ್ನು. ಬೇರೆ ಕಡೆ ಅದು ಅವರು ಕೇಳದ ಪ್ರಶ್ನೆಗೆ ಉತ್ತರ. ನೀವು ಯಾರು ಅನ್ನುವುದು ಬೇಕು, ಆದರೆ ಮೂರನೇ ಸಾಲಿನಲ್ಲಿ.

ಹೊಗಳಿಕೆಯ ತೊಂದರೆ ಬೇರೆ. "ನಿಮ್ಮ ಸೈಟ್ ತುಂಬಾ ಚೆನ್ನಾಗಿದೆ, ನಿಮ್ಮ ಕಾಫಿ ಅದ್ಭುತ" ಅಂದರೆ ಓದುವವರು ಅದರ ಹಿಂದೆ ಬರುವ "ಆದರೆ"ಗೆ ಕಾಯುತ್ತಾರೆ. ಇದಕ್ಕೆ ನಾನು ಮಾಡುವ ಪರೀಕ್ಷೆ ಹೀಗೆ: ಆ ಸಾಲಿನಲ್ಲಿ ಅಂಗಡಿಯ ಹೆಸರು ತೆಗೆದು ಪಕ್ಕದ ಅಂಗಡಿಯ ಹೆಸರು ಹಾಕಿ ನೋಡಿ. ಸಾಲು ಹಾಗೇ ನಿಂತರೆ ಅದನ್ನು ಅಳಿಸಿ. ನಿಜವಾಗಿ ಕಾಫಿ ತರಿಸಿ ಕುಡಿದಿದ್ದರೆ, "ನಿಮ್ಮ 70-30 ಪುಡಿ ಫಿಲ್ಟರ್‌ಗೆ ಹಾಕಿದಾಗ ನಮ್ಮ ಮನೆಯ ಹಳೆಯ ಪುಡಿಗಿಂತ ನಿಧಾನವಾಗಿ ಇಳಿಯುತ್ತದೆ" ಅಂತ ಬರೆಯಬಹುದು. ಆದರೆ ಅದು ಆಗಲೇ ಹೊಗಳಿಕೆಯಲ್ಲ, ನೀವು ಗಮನಿಸಿದ ಸಂಗತಿ. ಮೂರನೇ ಬಗೆ ಅದೇ.

ಕಣ್ಣಿಗೆ ಬಿದ್ದದ್ದನ್ನು ಹೇಳುವುದು

ಪರಿಚಯ ಇಲ್ಲ, ಮಧ್ಯೆ ಯಾರೂ ಇಲ್ಲ, ಅವರಲ್ಲಿ ಹೊಸದೇನೂ ಆಗಿಲ್ಲ ಅಂದರೆ ನನ್ನ ಆಯ್ಕೆ ಇದೇ. ಇದಕ್ಕೆ ಶ್ರಮ ಜಾಸ್ತಿ. ದಿನಕ್ಕೆ ನಾಲ್ಕೈದು ಮೇಲ್ ಬರೆಯಬಹುದೇ ಹೊರತು ನಲವತ್ತು ಆಗುವುದಿಲ್ಲ. ಒಂದು ಮೇಲ್‌ನ ಕಥೆಯನ್ನೇ ಪೂರ್ತಿ ಹೇಳುತ್ತೇನೆ, ಹೇಗೆ ಅಂತ ಗೊತ್ತಾಗುತ್ತದೆ.

ಚಿಕ್ಕಮಗಳೂರು ಕಡೆಯ ಒಂದು ಮನೆತನ ತಮ್ಮದೇ ತೋಟದ ಅರೇಬಿಕಾ ಹುರಿದು ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿತ್ತು. ನಾನು ಅವರ ಸೈಟನ್ನು ಕಂಪ್ಯೂಟರ್‌ನಲ್ಲಿ ನೋಡಲಿಲ್ಲ. ಫೋನಿನಲ್ಲಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆದೆ, ಯಾಕಂದರೆ ಅವರ ಗ್ರಾಹಕರು ಬರುವುದು ಹಾಗೆ. ಕಾಲು ಕೆಜಿ ಪುಡಿ 210 ರೂಪಾಯಿ. ಕಾರ್ಟ್‌ಗೆ ಹಾಕಿದೆ. ಹೆಸರು, ಫೋನ್ ನಂಬರ್, ವಿಳಾಸ, ಪಿನ್‌ಕೋಡ್ ಎಲ್ಲ ತುಂಬಿದೆ. ಹಣ ಕಟ್ಟುವ ಪುಟಕ್ಕೆ ಬಂದಾಗ ಮೊತ್ತ 300 ಆಗಿತ್ತು. 90 ರೂಪಾಯಿ ಕೊರಿಯರ್ ಚಾರ್ಜ್ ಅಲ್ಲೇ ಮೊದಲ ಸಲ ಕಾಣಿಸಿದ್ದು. ಮೊದಲ ಪುಟದಲ್ಲೂ ಇಲ್ಲ, ಪುಡಿಯ ಪುಟದಲ್ಲೂ ಇಲ್ಲ, ಕಾರ್ಟ್‌ನಲ್ಲೂ ಇಲ್ಲ. ಇಷ್ಟು ನೋಡಲು ಹತ್ತು ನಿಮಿಷ ಹಿಡಿಯಿತು. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡೆ.

ಈಗ ಇದನ್ನು ಎರಡು ಸಾಲಿನಲ್ಲಿ ಹೇಳಬೇಕು. ಮೊದಲು ಬರೆದದ್ದು ಇದು:

> ನಮಸ್ಕಾರ ಸರ್, ನಿಮ್ಮ ವೆಬ್‌ಸೈಟ್‌ನಲ್ಲಿ ದೊಡ್ಡ ಸಮಸ್ಯೆ ಇದೆ, ಇದರಿಂದ ನೀವು ದಿನಾ ಗ್ರಾಹಕರನ್ನು ಕಳೆದುಕೊಳ್ಳುತ್ತಿದ್ದೀರಿ. ಇದರ ಬಗ್ಗೆ 15 ನಿಮಿಷ ಮಾತಾಡಬಹುದಾ?

ಇದರಲ್ಲಿ ಮೂರು ತಪ್ಪು ಇದೆ. ಸಮಸ್ಯೆ ಯಾವುದು ಅಂತ ಹೇಳದೆ ಹೆದರಿಸುತ್ತಿದ್ದೇನೆ. ಮೋಸದ ಮೇಲ್‌ಗಳೂ ಹೀಗೇ ಶುರುವಾಗುತ್ತವೆ, ಹಾಗಾಗಿ ಅನುಮಾನ ಬರುವುದು ಸಹಜ. ಎರಡನೆಯದು, ಗ್ರಾಹಕರು ಕೈಬಿಟ್ಟು ಹೋಗುತ್ತಿದ್ದಾರೆ ಅಂತ ನನಗೆ ಹೊರಗಿನಿಂದ ಗೊತ್ತಾಗುವುದು ಸಾಧ್ಯವೇ ಇಲ್ಲ. ಅವರ ಲೆಕ್ಕ ನಾನು ನೋಡಿಲ್ಲ. ನೋಡದ್ದನ್ನು ಹೇಳಿದರೆ, ನೋಡಿದ್ದನ್ನೂ ಅವರು ನಂಬುವುದಿಲ್ಲ. ಮೂರನೆಯದು, ಗುರುತಿಲ್ಲದವರ ಹತ್ತಿರ 15 ನಿಮಿಷ ಕೇಳುವುದು ಸಣ್ಣ ಬೇಡಿಕೆ ಅನ್ನಿಸಬಹುದು, ಆದರೆ ಅವರಿಗೆ ಅದು ಒಂದು ಫೋನ್ ಕರೆ, ಒಬ್ಬ ಮಾರಾಟಗಾರ, ಇಲ್ಲ ಅನ್ನಬೇಕಾದ ಮುಜುಗರ, ಇಷ್ಟೂ ಸೇರಿದ್ದು.

ಕೊನೆಗೆ ಕಳಿಸಿದ್ದು ಇದು. ವಿಷಯದ ಸಾಲು: "ಕಾಲು ಕೆಜಿ ಪುಡಿಗೆ ಕೊರಿಯರ್ ಚಾರ್ಜ್".

> ನಮಸ್ಕಾರ ಸರ್, ಇವತ್ತು ಬೆಳಿಗ್ಗೆ ಮೈಸೂರಿಗೆ ಕಾಲು ಕೆಜಿ ಪುಡಿ ತರಿಸೋಣ ಅಂತ ಹೊರಟಾಗ 210 ಇದ್ದದ್ದು ಕೊನೆಯ ಪುಟದಲ್ಲಿ 300 ಆಯಿತು, ಕೊರಿಯರ್ 90 ಅಂತ ಅಲ್ಲೇ ಮೊದಲು ಕಂಡದ್ದು.
> ಇದು ನೀವು ಬೇಕಂತಲೇ ಹೀಗೆ ಇಟ್ಟಿರುವುದಾ, ಅಥವಾ ಸೈಟ್ ಮಾಡಿದವರು ಹಾಗೇ ಬಿಟ್ಟದ್ದಾ?

ನಾನು ನಿಜವಾಗಿ ಕಾಫಿ ತರಿಸಬೇಕು ಅಂತಲೇ ಇದ್ದೆ, ಆಮೇಲೆ ತರಿಸಿದೆ ಕೂಡ. ಅದು ಸುಳ್ಳಾಗಿದ್ದರೆ ಈ ಸಾಲು ಬರೆಯಬಾರದು. ಗ್ರಾಹಕರ ವೇಷ ಹಾಕಿಕೊಂಡು ಬಂದು ಮೂರನೇ ಸಾಲಿನಲ್ಲಿ "ನಾನು ಸೈಟ್ ಮಾಡುವವನು" ಅಂದರೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ಕೊಳ್ಳುವ ಮನಸ್ಸಿಲ್ಲದಿದ್ದರೆ ನೇರವಾಗಿ "ನಿಮ್ಮ ಸೈಟಿನಲ್ಲಿ ಆರ್ಡರ್ ಮಾಡುವ ದಾರಿ ಹೇಗಿದೆ ಅಂತ ನೋಡುತ್ತಿದ್ದೆ" ಅಂತ ಬರೆಯಿರಿ. ಅದೂ ನಡೆಯುತ್ತದೆ.

ಎರಡೂ ಮೇಲ್‌ನ ಹಿಂದಿರುವ ಸಂಗತಿ ಒಂದೇ, ಆದರೆ ಹೇಳುವ ಬಗೆ ಬೇರೆ. "ನಿಮ್ಮ ಸೈಟ್ ಸರಿ ಇಲ್ಲ" ಅಂದರೆ ಅದು ತೀರ್ಪು. "ನನಗೆ ಇಲ್ಲಿ ಹೀಗಾಯಿತು" ಅಂದರೆ ನಡೆದ ಘಟನೆ, ಅದರ ಜೊತೆ ಜಗಳ ಮಾಡುವುದಕ್ಕೆ ಏನೂ ಇಲ್ಲ. ಅಂಕಿ ಇರುವುದರಿಂದ ಅವರು ಅಲ್ಲೇ ಫೋನ್ ತೆಗೆದು ನೋಡಿ ಖಚಿತ ಮಾಡಿಕೊಳ್ಳಬಹುದು. ಎಷ್ಟೋ ಸಲ ಅವರೇ ತಮ್ಮ ಅಂಗಡಿಯಲ್ಲಿ ಗ್ರಾಹಕರ ಹಾಗೆ ಒಂದು ಆರ್ಡರ್ ಮಾಡಿ ನೋಡಿರುವುದಿಲ್ಲ.

ಸಂಜೆಗೆ ಉತ್ತರ ಬಂತು. ತೂಕದ ಮೇಲೆ ಕೊರಿಯರ್ ದರ ಬದಲಾಗುತ್ತದೆ, ಅದಕ್ಕೇ ಮೊದಲೇ ಹಾಕಿಲ್ಲ, ಮೊದಲೇ ತೋರಿಸುವ ಹಾಗೆ ಮಾಡಲು ಆಗುತ್ತದಾ ಅಂತ ಕೇಳಿದ್ದರು. ನೋಡಿ, ಇಲ್ಲಿಂದ ಮಾತು ಅವರ ಪ್ರಶ್ನೆಯ ಮೇಲೆ ನಡೆಯಿತು. ನಾನು ಮಾರಬೇಕಾದ ಪರಿಸ್ಥಿತಿಯೇ ಬರಲಿಲ್ಲ. ಪಿನ್‌ಕೋಡ್ ಕೇಳುವ ಪೆಟ್ಟಿಗೆಯನ್ನು ಪುಡಿಯ ಪುಟಕ್ಕೇ ತಂದು, ಅಲ್ಲೇ ಕೊರಿಯರ್ ಎಷ್ಟು ಅಂತ ಕಾಣುವ ಹಾಗೆ ಮಾಡಿಕೊಟ್ಟೆ.

ಎರಡನೇ ಸಾಲಿನ ಪ್ರಶ್ನೆ

ಮೊದಲ ಸಾಲು ಎಷ್ಟೇ ಚೆನ್ನಾಗಿದ್ದರೂ ಎರಡನೆಯದು ತಪ್ಪಿದರೆ ಅವರು ಓದಿ, ತಲೆಯಾಡಿಸಿ, ಫೋನ್ ಕೆಳಗಿಡುತ್ತಾರೆ. ಕೇಳುವುದಕ್ಕೆ ಮೂರು ದಾರಿ ಇದೆ ಅಂತ ಇಟ್ಟುಕೊಳ್ಳಿ. "ಕಾಲ್ ಮಾಡಬಹುದಾ?" ಎಂಬುದನ್ನು ಆಗಲೇ ಹೇಳಿದೆ, ಮೊದಲ ಮೇಲ್‌ಗೆ ಅದು ಭಾರ. "ಇದಕ್ಕೆ ಏನು ಮಾಡಬಹುದು ಅಂತ ಬರೆದು ಕಳಿಸಲಾ?" ಎಂಬುದು ಹಗುರ, ಇದಕ್ಕೆ "ಕಳಿಸಿ" ಅಂತ ಉತ್ತರ ಬರುತ್ತದೆ. ಆದರೆ ನನ್ನ ಅನುಭವದಲ್ಲಿ ಆ "ಕಳಿಸಿ" ತುಂಬಾ ಸಲ ಅಲ್ಲೇ ನಿಲ್ಲುತ್ತದೆ. ನಾನು ಕೂತು ಒಂದು ಪುಟ ಬರೆದು ಕಳಿಸುತ್ತೇನೆ, ಅವರಿಂದ ಮುಂದೆ ಸುದ್ದಿ ಇಲ್ಲ. ಯಾಕಂದರೆ ಅವರು ಏನನ್ನೂ ಯೋಚಿಸಬೇಕಾಗಿ ಬಂದಿಲ್ಲ.

ಮೂರನೆಯದು, ಅವರ ವ್ಯಾಪಾರದ ಬಗ್ಗೆ ಅವರಿಗೆ ಮಾತ್ರ ಗೊತ್ತಿರುವ ಒಂದು ಸಣ್ಣ ಸಂಗತಿಯನ್ನು ಕೇಳುವುದು. "ಬೇಕಂತಲೇ ಇಟ್ಟಿರುವುದಾ, ಸೈಟ್ ಮಾಡಿದವರು ಬಿಟ್ಟದ್ದಾ?" ಎಂಬುದು ಆ ಬಗೆಯದು. ಉತ್ತರ ಒಂದು ಸಾಲಿನಲ್ಲಿ, ನಿಂತಲ್ಲೇ ಕೊಡಬಹುದು. ಅವರ ಮರ್ಯಾದೆಗೂ ಜಾಗ ಇದೆ: ಬೇಕಂತಲೇ ಇಟ್ಟಿದ್ದರೆ ಕಾರಣ ಹೇಳುತ್ತಾರೆ, ಬೇರೆಯವರು ಬಿಟ್ಟದ್ದಾದರೆ ತಪ್ಪು ಅವರ ಮೇಲೆ ಬರುವುದಿಲ್ಲ. ಯಾವ ಉತ್ತರ ಬಂದರೂ ನನಗೆ ಮುಂದಿನ ದಾರಿ ಕಾಣುತ್ತದೆ. ನಾನು ಯಾವಾಗಲೂ ಇದನ್ನೇ ಆರಿಸುತ್ತೇನೆ. ಒಂದು ಎಚ್ಚರಿಕೆ ಮಾತ್ರ: ದಿನಕ್ಕೆ ಎಷ್ಟು ಆರ್ಡರ್ ಬರುತ್ತವೆ, ತಿಂಗಳ ವ್ಯಾಪಾರ ಎಷ್ಟು ಅಂತ ಕೇಳಬೇಡಿ. ಅದೂ ಅವರಿಗೆ ಮಾತ್ರ ಗೊತ್ತಿರುವುದೇ, ಆದರೆ ಹೊರಗಿನವರಿಗೆ ಹೇಳುವ ವಿಷಯ ಅಲ್ಲ.

ಹೊಸದಾಗಿ ಏನಾದರೂ ಆಗಿದ್ದರೆ

ಎರಡನೇ ಅಂಗಡಿ ತೆರೆದಿದ್ದಾರೆ, ಇಲ್ಲಿವರೆಗೆ ಪುಡಿ ಮಾತ್ರ ಮಾರುತ್ತಿದ್ದವರು ಈಗ ಹುರಿದ ಬೀಜವನ್ನೂ ಕೊಡುತ್ತಿದ್ದಾರೆ, ಪ್ಯಾಕಿಂಗ್‌ಗೆ ಜನ ಬೇಕು ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದಾರೆ. ಇಂಥದ್ದು ಸಿಕ್ಕರೆ ತಪ್ಪು ಹುಡುಕುವುದಕ್ಕಿಂತ ಇದು ಒಳ್ಳೆಯ ಶುರು. ಅವರ ಮನಸ್ಸು ಈಗಾಗಲೇ ಅಲ್ಲೇ ಇರುತ್ತದೆ, ಸಂತೋಷದಲ್ಲೂ ಇರುತ್ತಾರೆ. ಆದರೆ ಇದು ಹಾಲಿನ ಹಾಗೆ, ಬೇಗ ಕೆಡುತ್ತದೆ. ಎರಡು ವಾರ ಕಳೆದರೆ ಹಳೇ ಸುದ್ದಿ. ಇನ್ನೊಂದು ಅಂದರೆ, ಬರೀ "ಅಭಿನಂದನೆ" ಅಂದರೆ ಅದು ತಿರುಗಿ ಹೊಗಳಿಕೆಯೇ. ಆ ಬದಲಾವಣೆಯಿಂದ ಅವರಿಗೆ ಯಾವ ಹೊಸ ಕೆಲಸ ಬೀಳುತ್ತದೆ ಅನ್ನುವುದನ್ನು ಕಟ್ಟಬೇಕು.

> ನಮಸ್ಕಾರ ಮೇಡಂ, ಹುರಿದ ಬೀಜ ಶುರು ಮಾಡಿದ್ದು ಸೋಮವಾರ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದೆ, ಸೈಟಿನಲ್ಲಿ ಹುಡುಕಿದರೆ ಇನ್ನೂ ಪುಡಿ ಮಾತ್ರ ಇದೆ.
> ಬೀಜದ ಆರ್ಡರ್‌ಗಳನ್ನು ಸದ್ಯಕ್ಕೆ ವಾಟ್ಸಾಪ್‌ನಲ್ಲೇ ತೆಗೆದುಕೊಳ್ಳುತ್ತಿದ್ದೀರಾ?

ಹೌದು ಅಂತ ಉತ್ತರ ಬಂದರೆ ಮಾತಿಗೆ ವಿಷಯ ಸಿಕ್ಕಿತು. "ಇಲ್ಲ, ಮುಂದಿನ ವಾರ ಸೈಟಿಗೆ ಹಾಕುತ್ತಿದ್ದೇವೆ" ಅಂತ ಬಂದರೂ ನಷ್ಟವಿಲ್ಲ, ಅವರ ಹತ್ತಿರ ಮಾಡುವವರು ಇದ್ದಾರೆ ಅಂತ ತಿಳಿಯಿತು, ಅಲ್ವಾ.

ಮಧ್ಯೆ ಒಬ್ಬರು ಇದ್ದರೆ

ಇಬ್ಬರಿಗೂ ಗೊತ್ತಿರುವವರು ಇದ್ದರೆ ಉಳಿದ ಯಾವುದನ್ನೂ ಯೋಚಿಸಬೇಡಿ, ಆ ಹೆಸರೇ ಮೊದಲ ಪದ ಆಗಲಿ. ವಿಷಯದ ಸಾಲಿನಲ್ಲೂ ಅದೇ ಇರಲಿ. ನಮ್ಮ ಕಡೆ ವ್ಯಾಪಾರ ಇವತ್ತಿಗೂ ಹೆಚ್ಚಾಗಿ ನಡೆಯುವುದು ಹೀಗೆ. ಆದರೆ ಒಂದು ಮಾತು ನೆನಪಿರಲಿ: ಮೇಲ್ ಓದಿದ ಕೂಡಲೇ ಅವರು ಮಾಡುವ ಮೊದಲ ಕೆಲಸ ನಿಮಗೆ ಉತ್ತರಿಸುವುದಲ್ಲ, ಆ ಮಧ್ಯದವರಿಗೆ ಫೋನ್ ಮಾಡಿ "ಯಾರಿವರು?" ಅಂತ ಕೇಳುವುದು. ಹಾಗಾಗಿ ಹೆಸರು ಹಾಕುವ ಮೊದಲು ಮಧ್ಯದವರನ್ನು ಕೇಳಿ, ನೀವು ಏನು ಬರೆಯುತ್ತಿದ್ದೀರಿ ಅಂತ ಹೇಳಿಡಿ. ಒಂದು ಸಲ ಮದುವೆಯೊಂದರಲ್ಲಿ ಐದು ನಿಮಿಷ ಮಾತಾಡಿದ್ದವರ ಹೆಸರನ್ನು ನಾನು ಕೇಳದೆ ಬಳಸಿದ್ದೆ. ಫೋನ್ ಹೋದಾಗ ಅವರಿಗೆ ನನ್ನ ನೆನಪೇ ಬರಲಿಲ್ಲ. ಆ ಗ್ರಾಹಕರು ಸಿಗಲಿಲ್ಲ, ಪರಿಚಯವಾಗಿದ್ದ ಆ ಒಬ್ಬರೂ ದೂರವಾದರು.

ಹೆಸರಿನ ಜೊತೆಗೆ ಅವರು ಏನು ಹೇಳಿದರು ಅನ್ನುವುದೂ ಬೇಕು. "ಇಂಥವರು ನಿಮ್ಮ ನಂಬರ್ ಕೊಟ್ಟರು" ಎಂಬುದು ಬರೀ ವಿಳಾಸ. "ಹಬ್ಬದ ಗಿಫ್ಟ್ ಪ್ಯಾಕ್‌ಗಳ ಆರ್ಡರ್ ನೀವು ಇನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ ಅಂತ ಇಂಥವರು ಹೇಳಿದರು" ಅಂದರೆ ಅದೇ ಮಾತಿನ ಶುರು.

ಮೇಲ್ ಯಾರ ಕೈಗೆ ಹೋಗುತ್ತದೆ?

ಇದನ್ನು ನಾನು ತಡವಾಗಿ ಕಲಿತೆ. ಕಣ್ಣಿಗೆ ಬಿದ್ದ ತಪ್ಪನ್ನು ಹೇಳುವುದು ಮಾಲೀಕರ ಸ್ವಂತ ಐಡಿಗೆ ಹೋದರೆ ಮಾತ್ರ ಚೆನ್ನಾಗಿ ನಡೆಯುತ್ತದೆ. `info@` ಅಂತ ಶುರುವಾಗುವ ಐಡಿಗೆ ಹೋದರೆ ಓದುವವರು ಸಾಮಾನ್ಯವಾಗಿ ಒಬ್ಬ ನೌಕರರು, ಕೆಲವು ಸಲ ಆ ಸೈಟ್ ಮಾಡಿಸಿದವರೇ ಅಥವಾ ನೋಡಿಕೊಳ್ಳುವವರೇ. ತಮ್ಮದೇ ಕೆಲಸದ ತಪ್ಪನ್ನು ಅವರು ಮೇಲಿನವರಿಗೆ ಯಾಕೆ ಕಳಿಸುತ್ತಾರೆ? ಒಂದು ಜೇನಿನ ಅಂಗಡಿಗೆ ನಾನು ಹೀಗೇ ಬರೆದೆ, ಉತ್ತರ ಬರಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ನಾನು ಹೇಳಿದ ತಪ್ಪು ಸರಿಯಾಗಿತ್ತು. ಅವರ ಮೇಲೆ ಬೇಜಾರಿಲ್ಲ, ನಾನು ಅವರ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ.

ಅಂಥ ಐಡಿಗೆ ಹೊಸ ಬದಲಾವಣೆಯಿಂದ ಶುರುವಾಗುವ ಮೇಲ್ ಸರಿ, ಅದರಲ್ಲಿ ಯಾರ ತಪ್ಪೂ ಇಲ್ಲ. ಎರಡನೇ ಸಾಲಿನಲ್ಲಿ "ಇದನ್ನು ನಿಮ್ಮಲ್ಲಿ ಯಾರು ನೋಡಿಕೊಳ್ಳುತ್ತಾರೆ?" ಅಂತ ಕೇಳಬಹುದು, ನೌಕರರಿಗೆ ಉತ್ತರಿಸಲು ಸುಲಭ. ಮಾಲೀಕರ ಐಡಿ ಹುಡುಕಲು ಮೊದಲು ಸೈಟಿನ "ನಮ್ಮ ಬಗ್ಗೆ" ಪುಟ ನೋಡಿ, ಆಮೇಲೆ ಆರ್ಡರ್ ಮಾಡಿದಾಗ ಬರುವ ಮೇಲ್ ನೋಡಿ. ಸಣ್ಣ ಅಂಗಡಿಗಳಲ್ಲಿ ಅದು ಬಹಳ ಸಲ ಮಾಲೀಕರ ಐಡಿಯಿಂದಲೇ ಬಂದಿರುತ್ತದೆ.

ಭಾಷೆಯ ಬಗ್ಗೆಯೂ ಕೇಳುತ್ತಾರೆ, ಕನ್ನಡದಲ್ಲಾ ಇಂಗ್ಲಿಷ್‌ನಲ್ಲಾ ಅಂತ. ಅವರ ಸೈಟಿನಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡ ಇದ್ದರೆ ಕನ್ನಡದಲ್ಲೇ ಬರೆಯಿರಿ. ಇನ್‌ಬಾಕ್ಸ್‌ನಲ್ಲಿ ಇಂಗ್ಲಿಷ್ ಸಾಲುಗಳ ಮಧ್ಯೆ ಕನ್ನಡದ ಒಂದು ಸಾಲು ಕಣ್ಣಿಗೆ ಬೇಗ ಬೀಳುತ್ತದೆ. ಪೂರ್ತಿ ಇಂಗ್ಲಿಷ್ ಇದ್ದರೆ ಇಂಗ್ಲಿಷ್‌ನಲ್ಲಿ ಬರೆಯಿರಿ, ಓದುವವರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲವಲ್ಲ.

ಸಾಲು ತಪ್ಪಾ, ಮೇಲ್ ತಲುಪಲಿಲ್ಲವಾ?

ಹದಿನೈದು ಇಪ್ಪತ್ತು ಜನರಿಗೆ ಬರೆದರೂ "ಬೇಡ" ಎಂಬ ಉತ್ತರ ಕೂಡ ಒಂದೂ ಬರಲಿಲ್ಲ ಅಂದರೆ ಸಾಲು ತಿದ್ದುವ ಮೊದಲು ಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆಯಾ ಅಂತ ನೋಡಿ. ಸ್ವಂತ ಡೊಮೇನ್‌ನಿಂದ ಕಳಿಸುವವರಿಗೆ ಇದು ಮುಖ್ಯ. ಮನೆಯವರ ಒಂದು ಜಿಮೇಲ್ ಐಡಿಗೆ ಅದೇ ಮೇಲ್ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ `Show original` ಒತ್ತಿ. ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂದದ್ದಾ ಅಂತ ನೋಡುವ ಮೂರು ಪರೀಕ್ಷೆ ಅಲ್ಲಿ ಕಾಣುತ್ತವೆ, `SPF`, `DKIM`, `DMARC`, ಅವುಗಳ ಪಕ್ಕದಲ್ಲಿ `PASS` ಅಂತ ಇರಬೇಕು. ಇಲ್ಲದಿದ್ದರೆ ಡೊಮೇನ್ ಕೊಟ್ಟವರ ಹತ್ತಿರ ಹೇಳಿ ಸರಿಮಾಡಿಸಿಕೊಳ್ಳಿ. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ, ಕಡಿಮೆ ಮೇಲ್ ಕಳಿಸುವವರಿಗೂ `SPF` ಅಥವಾ `DKIM` ಇರಲೇಬೇಕು. ಮೊದಲ ಮೇಲ್‌ಗೆ ಲಿಂಕ್, ಫೈಲ್ ಏನೂ ಸೇರಿಸಬೇಡಿ. ಆ ಸ್ಕ್ರೀನ್‌ಶಾಟನ್ನು ನಾನು ಉತ್ತರ ಬಂದ ಮೇಲೆಯೇ ಕಳಿಸಿದ್ದು.

ಎಷ್ಟು ಜನ ತೆರೆದರು ಅಂತ ತೋರಿಸುವ ಟೂಲ್‌ಗಳನ್ನು ನಂಬಿ ಸಾಲು ಬದಲಾಯಿಸಬೇಡಿ. ಮೇಲ್‌ನಲ್ಲಿ ಅಡಗಿಸಿಟ್ಟ ಒಂದು ಸಣ್ಣ ಚಿತ್ರ ಲೋಡ್ ಆದರೆ ಮೇಲ್ ತೆರೆದರು ಅಂತ ಅವು ಲೆಕ್ಕ ಹಾಕುತ್ತವೆ. 2021ರಿಂದ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಚಿತ್ರಗಳನ್ನು ತಾನೇ ಮೊದಲೇ ತರಿಸಿಟ್ಟುಕೊಳ್ಳುವ ವ್ಯವಸ್ಥೆ ತಂದಿದೆ, ಹಾಗಾಗಿ ಓದದ ಮೇಲ್ ಕೂಡ ತೆರೆದ ಹಾಗೆ ಕಾಣಬಹುದು. ನಾನು ನೋಡುವುದು ಬಂದ ಉತ್ತರವನ್ನು ಮಾತ್ರ. "ಎಷ್ಟಾಗುತ್ತದೆ?" ಅಂತ ಬಂದರೆ ಎರಡು ಸಾಲೂ ಕೆಲಸ ಮಾಡಿವೆ. "ನೀವು ಯಾರು?" ಅಂತ ಬಂದರೆ ಮೊದಲ ಸಾಲು ಸರಿ ಇದೆ, ಮೂರನೇ ಸಾಲಿನ ನನ್ನ ಪರಿಚಯ ಸಾಲದು. "ಈ ವಿಷಯ ನಮಗೆ ಗೊತ್ತು, ಕೆಲಸ ನಡೆಯುತ್ತಿದೆ" ಅಂತ ಬಂದರೆ ನಾನು ಆರಿಸಿದ ಸಂಗತಿ ತೀರಾ ಮೇಲಿನದು, ಯಾರ ಕಣ್ಣಿಗಾದರೂ ಬೀಳುವಂಥದ್ದು.

ಉತ್ತರ ಬರದಿದ್ದರೆ ಐದಾರು ದಿನ ಬಿಟ್ಟು ಅದೇ ಮೇಲ್‌ಗೆ ಕೆಳಗೆ ಒಂದೇ ಒಂದು ಸಲ ಬರೆಯುತ್ತೇನೆ. "ನನ್ನ ಮೇಲ್ ನೋಡಿದಿರಾ?" ಅಂತ ಅಲ್ಲ, ಅದರಲ್ಲಿ ಅವರಿಗೆ ಏನೂ ಇಲ್ಲ. ಇನ್ನೊಂದು ಸಂಗತಿಯಿಂದ, ಹೊಸ ಎರಡು ಸಾಲು. ಕಳಿಸುವ ಬಟನ್ ಒತ್ತುವ ಮೊದಲು ಅವರ ಸೈಟನ್ನು ಇನ್ನೊಮ್ಮೆ ತೆರೆದು ನೋಡುತ್ತೇನೆ, ಮೊದಲ ಸಲ ಹೇಳಿದ್ದು ಅಷ್ಟರಲ್ಲಿ ಸರಿಯಾಗಿರಬಹುದು. ಸರಿಯಾಗಿದ್ದರೆ ಆ ಮಾತಿನಿಂದಲೇ ಶುರು: "ಕೊರಿಯರ್ ಚಾರ್ಜ್ ಈಗ ಕಾರ್ಟ್‌ನಲ್ಲೇ ಕಾಣುತ್ತಿದೆ, ಒಳ್ಳೆಯದಾಯಿತು. ಒಂದು ಕೆಜಿ ತೆಗೆದುಕೊಂಡರೂ ಅದೇ 90 ತೋರಿಸುತ್ತಿದೆ, ಅದು ಸರಿಯಾದ ದರವೇನಾ?"